ಕಂಪ್ರೆಸರ್ ಬದಲಿಸುವ ಮುನ್ನ: ಉಳಿತಾಯವನ್ನು ಯಾವುದರ ಎದುರಿಗಿಟ್ಟು ಅಳೆಯಬೇಕು?

ಪ್ರಶ್ನೆ: ನಮ್ಮ ತಯಾರಿಕಾ ಘಟಕದ 55 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್ ಹಳತಾಗಿದ್ದು, ಓವರ್‌ಹಾಲ್ ಮಾಡಿಸುವ ಹಂತಕ್ಕೆ ಬಂದಿದೆ. ಅದನ್ನೇ ಸರಿಪಡಿಸುವುದೋ, ಸಾಮಾನ್ಯ ಹೊಸ ಯಂತ್ರ ತರುವುದೋ, ಬೇಡಿಕೆಗೆ ತಕ್ಕಂತೆ ವೇಗ ಬದಲಿಸುವ ವೇರಿಯಬಲ್ ಸ್ಪೀಡ್ ಯಂತ್ರ ತರುವುದೋ ಎಂದು ಆಡಳಿತ ಮಂಡಳಿಗೆ ಪ್ರಸ್ತಾವ ಸಲ್ಲಿಸಬೇಕಾಗಿದೆ. ಗಾಳಿ ಸೋರಿಕೆಯನ್ನೂ ಸರಿಪಡಿಸಿಕೊಂಡರೆ ವೇರಿಯಬಲ್ ಸ್ಪೀಡ್ ಯಂತ್ರದ ಹಣ 19 ತಿಂಗಳಲ್ಲಿ ವಾಪಸ್ಸು ಬರುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ಇದನ್ನು ಹಾಗೆಯೇ ಬರೆಯಬಹುದೇ? ದರಪಟ್ಟಿಗಳನ್ನೂ ಒಂದು ವಾರದ ವಿದ್ಯುತ್ ಅಳತೆಯನ್ನೂ ಲಗತ್ತಿಸಿದ್ದೇನೆ.

ಉತ್ತರ: ಹಾಗೆಯೇ ಬರೆಯಬೇಡಿ. ಆ ಅಂಕಿ ವಾಸ್ತವಕ್ಕಿಂತ ಬಹಳ ದೂರದಲ್ಲೇನೂ ಇಲ್ಲ. ಆದರೆ ಅದರೊಳಗೆ ಎರಡು ತಪ್ಪುಗಳಿವೆ, ಅವು ಒಂದನ್ನೊಂದು ಮುಚ್ಚಿಕೊಂಡಿವೆ. ಮಂಡಳಿಯಲ್ಲಿ ಲೆಕ್ಕ ಬಲ್ಲವರೊಬ್ಬರು ಒಂದನ್ನು ಹಿಡಿದರೂ ಇಡೀ ಪ್ರಸ್ತಾವದ ಮೇಲಿನ ನಂಬಿಕೆ ಹೋಗುತ್ತದೆ.

ಮೊದಲು ನಿಮ್ಮ ಅಳತೆಯನ್ನು ನೋಡೋಣ. ಯಂತ್ರ ಚಾಲನೆಯಲ್ಲಿದ್ದ ಸಮಯದಲ್ಲಿ ಶೇ 55ರಷ್ಟು ಹೊತ್ತು ಮಾತ್ರ ಅದು ಲೋಡ್‌ನಲ್ಲಿದ್ದು 60 ಕಿಲೋವ್ಯಾಟ್ ಎಳೆದಿದೆ; ಉಳಿದ ಹೊತ್ತು ಹನಿ ಗಾಳಿಯನ್ನೂ ಕೊಡದೆ, ಅನ್‌ಲೋಡ್ ಸ್ಥಿತಿಯಲ್ಲಿ ಸುಮ್ಮನೆ ತಿರುಗುತ್ತ 18 ಕಿಲೋವ್ಯಾಟ್ ಎಳೆದಿದೆ. ಸ್ಥಿರ ವೇಗದ ಸ್ಕ್ರೂ ಕಂಪ್ರೆಸರ್‌ಗಳಲ್ಲಿ ಇದು ದೋಷವಲ್ಲ, ಅವುಗಳ ಸ್ವಭಾವ. ಸರಾಸರಿ ಸುಮಾರು 41 ಕಿಲೋವ್ಯಾಟ್ ಆಗುತ್ತದೆ. ವರ್ಷಕ್ಕೆ 6,000 ಗಂಟೆ ಓಡುವ ಈ ಯಂತ್ರದ ಈಗಿನ ವಾರ್ಷಿಕ ವಿದ್ಯುತ್ ವೆಚ್ಚವನ್ನು 100 ಎಂದು ಇಟ್ಟುಕೊಂಡು, ಉಳಿದೆಲ್ಲ ವೆಚ್ಚಗಳನ್ನೂ ಅದೇ ಅಳತೆಗೆ ತಂದರೆ ಹೋಲಿಕೆ ಸುಲಭವಾಗುತ್ತದೆ. ನಿಮ್ಮ ದರಪಟ್ಟಿಗಳ ಪ್ರಕಾರ ಆಗ ಓವರ್‌ಹಾಲ್‌ಗೆ 18, ಸಾಮಾನ್ಯ ಹೊಸ ಯಂತ್ರಕ್ಕೆ 40, ವೇರಿಯಬಲ್ ಸ್ಪೀಡ್ ಯಂತ್ರಕ್ಕೆ 58 ಆಗುತ್ತದೆ.

ಮಾರಾಟಗಾರರ ಲೆಕ್ಕದ ಮೊದಲ ತಪ್ಪು ಸೋರಿಕೆಯದು. ರಜೆಯ ದಿನ ಗಾಳಿ ಬಳಸುವ ಯಂತ್ರಗಳೆಲ್ಲ ನಿಂತಿದ್ದಾಗ ಕಂಪ್ರೆಸರನ್ನು ಮಾತ್ರ ಓಡಿಸಿ ನೋಡಿದಿರಿ; ಆಗಲೂ ಅದು ಶೇ 16ರಷ್ಟು ಹೊತ್ತು ಲೋಡ್‌ನಲ್ಲಿತ್ತು. ಯಾರೂ ಬಳಸದ ಆ ಗಾಳಿಯೆಲ್ಲ ಕೊಳವೆಯ ಜೋಡಣೆಗಳಲ್ಲಿ, ಕಪ್ಲಿಂಗ್‌ಗಳಲ್ಲಿ, ಹಳೆಯ ಹೋಸ್‌ಗಳಲ್ಲಿ ಸೋರಿ ಹೋದದ್ದು. ಅದರಲ್ಲಿ ಮುಕ್ಕಾಲು ಪಾಲನ್ನು ನಿಲ್ಲಿಸಿದರೆ ಲೋಡ್‌ನ ಪ್ರಮಾಣ ಶೇ 55ರಿಂದ 43ಕ್ಕೆ ಇಳಿಯುತ್ತದೆ, ಹಳೆಯ ಯಂತ್ರದಲ್ಲೇ ವಿದ್ಯುತ್ ವೆಚ್ಚ 100ರಿಂದ 88ಕ್ಕೆ ಬರುತ್ತದೆ. ಸೋರಿಕೆ ಹುಡುಕಿ ಸರಿಪಡಿಸಲು ಈಗ 8, ಮತ್ತೆ ಸೋರದಂತೆ ನೋಡಿಕೊಳ್ಳಲು ವರ್ಷಕ್ಕೆ 2 ಖರ್ಚಾದರೂ, ಹಾಕಿದ ಹಣ ಹತ್ತು ತಿಂಗಳೊಳಗೆ ಮರಳುತ್ತದೆ. ಯಾವ ಯಂತ್ರವನ್ನೂ ಕೊಳ್ಳದೆ ಸಿಗುವ ಈ 12ರ ಉಳಿತಾಯವನ್ನು ಮಾರಾಟಗಾರರು ಹೊಸ ಯಂತ್ರದ ಖಾತೆಗೆ ಬರೆದುಕೊಂಡಿದ್ದಾರೆ. ಸೋರಿಕೆ ನಿಲ್ಲಿಸಿದ ಮೇಲೆ ವೇರಿಯಬಲ್ ಸ್ಪೀಡ್ ಯಂತ್ರದ ವಿದ್ಯುತ್ ವೆಚ್ಚ 63 ಆಗುವುದರಿಂದ, 100ರಿಂದ 63 ಕಳೆದು 37 ಉಳಿಯಿತೆಂದು ತೋರಿಸಿ, 58ನ್ನು 37ರಿಂದ ಭಾಗಿಸಿ 19 ತಿಂಗಳು ಎಂದಿದ್ದಾರೆ.

ಎರಡನೆಯ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು. ಅವರು ಇಡೀ 58ನ್ನೂ ಹೂಡಿಕೆಯೆಂದು ಹಿಡಿದಿದ್ದಾರೆ. ಆದರೆ ಹೊಸ ಯಂತ್ರ ಕೊಳ್ಳದಿದ್ದರೆ ನಿಮ್ಮ ಖರ್ಚು ಸೊನ್ನೆಯಾಗುವುದಿಲ್ಲ; ಓವರ್‌ಹಾಲ್‌ನ 18 ತಪ್ಪಿದ್ದಲ್ಲ. ಆದ್ದರಿಂದ ಹೋಲಿಕೆಯ ನೆಲೆ 'ಏನೂ ಮಾಡದಿರುವುದು' ಅಲ್ಲ, 'ಸೋರಿಕೆ ಸರಿಪಡಿಸಿ ಓವರ್‌ಹಾಲ್ ಮಾಡಿಸುವುದು'. ನಾನು ನೋಡಿದ ಪ್ರಸ್ತಾವಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿಯೇ. ಉಳಿದ ಲೆಕ್ಕವೆಲ್ಲ ಸರಿಯಿದ್ದರೂ ನೆಲೆ ತಪ್ಪಿದರೆ ಉತ್ತರ ತಪ್ಪುತ್ತದೆ.

ಸರಿಯಾದ ನೆಲೆಯಿಂದ ಒಂದೊಂದೇ ಮೆಟ್ಟಿಲು ಹತ್ತೋಣ. ವಿದ್ಯುತ್ ಮತ್ತು ನಿರ್ವಹಣೆ ಸೇರಿ ಓವರ್‌ಹಾಲ್ ಆದ ಹಳೆಯ ಯಂತ್ರಕ್ಕೆ ವರ್ಷಕ್ಕೆ 90, ಸಾಮಾನ್ಯ ಹೊಸ ಯಂತ್ರಕ್ಕೆ 81, ವೇರಿಯಬಲ್ ಸ್ಪೀಡ್ ಯಂತ್ರಕ್ಕೆ 68 ಬೀಳುತ್ತದೆ. ಓವರ್‌ಹಾಲ್ ಬಿಟ್ಟು ಸಾಮಾನ್ಯ ಹೊಸ ಯಂತ್ರಕ್ಕೆ ಹೋದರೆ 22 ಹೆಚ್ಚು ಹಾಕಿ ವರ್ಷಕ್ಕೆ 9 ಉಳಿಸುತ್ತೀರಿ. ಆ ಹೆಚ್ಚಿನ ಹಣ ಮರಳಲು ಸುಮಾರು ಎರಡೂವರೆ ವರ್ಷ ಬೇಕು. ಅಲ್ಲಿಂದ ವೇರಿಯಬಲ್ ಸ್ಪೀಡ್ ಯಂತ್ರಕ್ಕೆ ಹೋಗಲು ಮತ್ತೆ 18 ಹಾಕಿದರೆ ವರ್ಷಕ್ಕೆ ಇನ್ನೂ 13 ಉಳಿಯುತ್ತದೆ. ಇದು ಮರಳಲು ಸುಮಾರು 17 ತಿಂಗಳು. ಓವರ್‌ಹಾಲ್‌ನಿಂದ ನೇರವಾಗಿ ವೇರಿಯಬಲ್ ಸ್ಪೀಡ್‌ಗೆ ಹೋದರೆ 40 ಹೆಚ್ಚು ಹಾಕಿ 22 ಉಳಿಸುತ್ತೀರಿ, ಅಂದರೆ 22 ತಿಂಗಳು. ಮಾರಾಟಗಾರರ ಅಂಕಿಗೆ ಇದು ಹತ್ತಿರವೇ ಇದೆ, ಆದರೆ ಇದನ್ನು ನೀವು ಸಮರ್ಥಿಸಿಕೊಳ್ಳಬಲ್ಲಿರಿ. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಮಧ್ಯದ ಆಯ್ಕೆಗೆ ಹೋಗುವ ಮೆಟ್ಟಿಲೇ ದುರ್ಬಲವಾದದ್ದು, ಅದಕ್ಕೆ ಹಾಕಿದ ಹಣವೇ ಅತಿ ತಡವಾಗಿ ಮರಳುತ್ತದೆ. 'ಅತಿ ಅಗ್ಗವೂ ಬೇಡ, ಅತಿ ದುಬಾರಿಯೂ ಬೇಡ' ಎಂದು ಮಂಡಳಿಗಳು ಅದನ್ನೇ ಆರಿಸುವುದುಂಟು. ಮೆಟ್ಟಿಲುಗಳ ಲೆಕ್ಕವನ್ನು ಮುಂದಿಟ್ಟರೆ ಅದು ತಪ್ಪುತ್ತದೆ.

ಹೂಡಿಕೆ ಮರಳುವ ಅವಧಿ ಹಣ ವಾಪಸ್ಸಾದ ನಂತರದ ವರ್ಷಗಳ ಬಗ್ಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ, ಅದರ ಪಕ್ಕದಲ್ಲಿ ಎಂಟು ವರ್ಷಗಳ ಒಟ್ಟು ವೆಚ್ಚವನ್ನೂ ಕೊಡಿ: ಕ್ರಮವಾಗಿ 738, 688 ಮತ್ತು 602. ಓವರ್‌ಹಾಲ್ ಆದ ಯಂತ್ರಕ್ಕೆ ಆ ಅವಧಿಯಲ್ಲಿ ಇನ್ನೊಂದು ದೊಡ್ಡ ರಿಪೇರಿ ಬರುವ ಸಾಧ್ಯತೆಯನ್ನು ಇದರಲ್ಲಿ ಸೇರಿಸಿಲ್ಲ.

ಇನ್ನು ಅಪಾಯದ ವಿಷಯ. ಪ್ರಸ್ತಾವಗಳಲ್ಲಿ ಸಾಮಾನ್ಯವಾಗಿ 'ಅಪಾಯ: ಕಡಿಮೆ' ಎಂದು ಒಂದು ಕಾಲಂ ತುಂಬಿ ಮುಗಿಸುತ್ತಾರೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಒಂದು ಊಹೆ ಸುಳ್ಳಾದರೆ ನಿಮ್ಮ ಆಯ್ಕೆಯೇ ಬದಲಾಗುತ್ತದೆ ಎಂದು ಕೇಳಿಕೊಳ್ಳಿ. ನಿಮ್ಮ ಪ್ರಕರಣದಲ್ಲಿ ಅದು ಲೋಡ್‌ನ ಪ್ರಮಾಣ. ವೇರಿಯಬಲ್ ಸ್ಪೀಡ್ ಯಂತ್ರದ ಲಾಭವೆಲ್ಲ ಗಾಳಿಯ ಬೇಡಿಕೆ ಕಡಿಮೆಯಿದ್ದಾಗ ಮೋಟಾರಿನ ವೇಗ ಇಳಿಸುವುದರಿಂದ ಬರುವಂಥದ್ದು. ಬೇಡಿಕೆ ಪೂರ್ಣವಿದ್ದಾಗ, ವೇಗ ನಿಯಂತ್ರಿಸುವ ಡ್ರೈವ್‌ನಲ್ಲೇ ಸ್ವಲ್ಪ ವಿದ್ಯುತ್ ನಷ್ಟವಾಗಿ ಅದು ಸಾಮಾನ್ಯ ಯಂತ್ರಕ್ಕಿಂತ ತುಸು ಹಿಂದೆಯೇ ಬೀಳುತ್ತದೆ. ನಿಮ್ಮ ಅಂಕಿಗಳಲ್ಲಿ ಲೋಡ್ ಶೇ 65ಕ್ಕೆ ಏರಿದರೆ ಸಾಮಾನ್ಯ ಹೊಸ ಯಂತ್ರಕ್ಕಿಂತ ಹೆಚ್ಚುವರಿಯಾಗಿ ಹಾಕಿದ 18 ಮರಳಲು ಎರಡು ವರ್ಷಕ್ಕಿಂತ ತುಸು ಹೆಚ್ಚು ಸಾಕು. ಶೇ 85ಕ್ಕೆ ಏರಿದರೆ ಸುಮಾರು ಒಂಬತ್ತು ವರ್ಷ ಬೇಕು. ಆದ್ದರಿಂದ ಎರಡು ವರ್ಷಗಳೊಳಗೆ ಗಾಳಿ ಬಳಸುವ ಹೊಸ ಯಂತ್ರಗಳನ್ನು ಸೇರಿಸುವ ಯೋಜನೆಯಿದೆಯೇ ಎಂದು ಉತ್ಪಾದನಾ ವಿಭಾಗವನ್ನು ಲಿಖಿತವಾಗಿ ಕೇಳಿ, ಆ ಉತ್ತರವನ್ನು ಪ್ರಸ್ತಾವಕ್ಕೆ ಲಗತ್ತಿಸಿ.

ಓಡುವ ಗಂಟೆಗಳೂ ಹೀಗೆಯೇ ಮುಖ್ಯ: ಎರಡು ಪಾಳಿ ಹೋಗಿ ಒಂದೇ ಪಾಳಿ ಉಳಿದರೆ ಮೇಲಿನ ಎಲ್ಲ ಅವಧಿಗಳೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ. ಡ್ರೈವ್‌ನ ಎಲೆಕ್ಟ್ರಾನಿಕ್ಸ್‌ಗೆ ಧೂಳು ಮತ್ತು ಬಿಸಿ ಆಗಿಬರುವುದಿಲ್ಲ. ನಿಮ್ಮ ಕಂಪ್ರೆಸರ್ ಕೋಣೆಯ ವಾತಾಯನ ಸಾಲದಿದ್ದರೆ ಅದನ್ನು ಸರಿಪಡಿಸುವ ಖರ್ಚನ್ನು 58ಕ್ಕೆ ಸೇರಿಸಿ.

ನನ್ನ ಸಲಹೆಯೆಂದರೆ ಮಂಡಳಿಯಿಂದ ಎರಡು ಹಂತದ ಅನುಮತಿ ಕೇಳಿ. ಸೋರಿಕೆಯ ಕೆಲಸಕ್ಕೆ ಈಗಲೇ ಒಪ್ಪಿಗೆ ಪಡೆಯಿರಿ. ಅದು ಮುಗಿದ ಮೇಲೆ ಮತ್ತೊಂದು ವಾರ ಅಳೆಯಿರಿ. ಲೋಡ್ ಶೇ 65ರೊಳಗೆ ಇದ್ದು ಬೇಡಿಕೆ ಏರುವ ಯೋಜನೆ ಇಲ್ಲದಿದ್ದರೆ ವೇರಿಯಬಲ್ ಸ್ಪೀಡ್ ಯಂತ್ರವನ್ನೇ ಕೊಳ್ಳಿ. ಖರೀದಿ ಆದೇಶದಲ್ಲಿ ಗಾಳಿಯ ಪ್ರಮಾಣ ಶೇ 40, 60 ಮತ್ತು 80 ಇದ್ದಾಗ ಯಂತ್ರ ಎಳೆಯುವ ಒಟ್ಟು ವಿದ್ಯುತ್ ಎಷ್ಟು ಕಿಲೋವ್ಯಾಟ್ ಎಂಬ ಖಾತರಿಯನ್ನು ಬರೆಸಿಕೊಳ್ಳಿ, ಮತ್ತು ಅಳವಡಿಸಿದ ಮೇಲೆ, ಈ ವಾರದ ವಿದ್ಯುತ್ ಅಳೆದ ಅದೇ ಲಾಗರ್‌ನಿಂದ ಅಳೆದು ಅಂಕಿಗಳು ಹೊಂದುವವರೆಗೆ ಬಿಲ್ಲಿನ ಒಂದು ಭಾಗವನ್ನು ತಡೆಹಿಡಿಯುವ ಷರತ್ತನ್ನೂ ಸೇರಿಸಿ.