ಟ್ರಮಡಾಲ್ ಕೊಟ್ಟ ಮೇಲೆ ಶುರುವಾದ ನಡುಕ

"ಅಮ್ಮ ಎಸ್ಸಿಟಲೋಪ್ರಾಮ್ 20 ಮಿಗ್ರಾಂ, ರಿಸ್ಪೆರಿಡೋನ್ 2 ಮಿಗ್ರಾಂ ತಗೊಳ್ತಾರೆ. ಮಂಡಿ ನೋವಿಗೆ ಬೇರೆ ಡಾಕ್ಟರು ನಿನ್ನೆ ಟ್ರಮಡಾಲ್ ಕೊಟ್ಟರು. ರಾತ್ರಿಯಿಂದ ಕಾಲು ನಡುಗ್ತಿದೆ, ಬೆವರು, ಭೇದಿ, ಚಡಪಡಿಕೆ. ಹಿಂದೆ ಕೈ ನಡುಗಿದಾಗ ಟ್ರೈಹೆಕ್ಸಿಫೆನಿಡಿಲ್ ಕೊಟ್ಟಿದ್ದರು, ಅದು ಮನೆಯಲ್ಲಿದೆ. ಕೊಡಲಾ?"

ಬೇಡ, ಅದನ್ನು ಕೊಡಬೇಡಿ. ಈಗಲೇ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು ಮನೋರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ನೀವು ಬರೆದಿದ್ದು ಓದಿದರೆ ಮೊದಲು ಅನುಮಾನ ಬರುವುದು, ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಅನ್ನೋ ರಾಸಾಯನಿಕ ಜಾಸ್ತಿಯಾಗಿದೆ ಅಂತ.

ಖಿನ್ನತೆ, ಆತಂಕಕ್ಕೆ ಕೊಡುವ ಎಸ್ಸಿಟಲೋಪ್ರಾಮ್ ಸೆರೊಟೋನಿನ್ ಅನ್ನು ನರಕೋಶ ವಾಪಸ್ ಹೀರಿಕೊಳ್ಳದಂತೆ ತಡೆಯುತ್ತದೆ. ಟ್ರಮಡಾಲ್ ಬರೀ ನೋವಿನ ಮಾತ್ರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅದೂ ಇದೇ ಕೆಲಸ ಮಾಡುತ್ತದೆ. ಎರಡೂ ಸೇರಿದ ಎಲ್ಲರಿಗೂ ಹೀಗೆ ಆಗುವುದಿಲ್ಲ. ಆದರೆ ಆಗುವವರಿಗೆ ಸಾಮಾನ್ಯವಾಗಿ ಹೊಸ ಮಾತ್ರೆ ಶುರುವಾದ ಅಥವಾ ಡೋಸ್ ಏರಿದ 24 ಗಂಟೆಯೊಳಗೇ ಆಗುತ್ತದೆ. ನಿಮ್ಮ ಅಮ್ಮನ ಲೆಕ್ಕ ಅದಕ್ಕೆ ಸರಿಹೊಂದುತ್ತಿದೆ, ಅಲ್ವಾ?

ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್‌ನಿಂದಲೂ ನಡುಕ, ಚಡಪಡಿಕೆ ಬರುತ್ತದೆ. ಆದರೆ ಆ ನಡುಕದ ಜೊತೆ ಮೈ ಬಿಗಿಯಾಗಿ ನಡಿಗೆ ನಿಧಾನವಾಗುತ್ತದೆ, ಭೇದಿ ಇರುವುದಿಲ್ಲ. ಅಪರೂಪಕ್ಕೆ ಅದರಿಂದ ಜೋರು ಜ್ವರ ಬಂದು ಮೈ ಮರದ ಹಾಗೆ ಸೆಟೆದುಕೊಳ್ಳುವುದೂ ಉಂಟು. ಅದು ಹೆಚ್ಚಾಗಿ ದಿನಗಟ್ಟಲೆ ಏರುತ್ತಾ ಬರುತ್ತದೆ, ಅದೂ ತುರ್ತೇ.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ನೋಡುವುದು ಕಾಲನ್ನು. ಮಂಡಿಯನ್ನು ಸ್ವಲ್ಪ ಮಡಚಿ, ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿಯುತ್ತಾರೆ. ಸೆರೊಟೋನಿನ್ ಜಾಸ್ತಿಯಾಗಿದ್ದರೆ ಹಿಡಿದ ಕೈಯೊಳಗೇ ಪಾದ ತಾನಾಗಿ ಟಕಟಕ ಅಂತ ಕುಣಿಯುತ್ತದೆ. ಇದಕ್ಕೆ ಕ್ಲೋನಸ್ ಅನ್ನುತ್ತಾರೆ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಕಾಲು, ಕಣ್ಣಿನ ಚಲನೆ ಮತ್ತು ನೀವು ಹೇಳುವ ಮಾತ್ರೆಗಳ ಪಟ್ಟಿ, ಇಷ್ಟರ ಮೇಲೇ ತೀರ್ಮಾನ. ಹಾಗಾಗಿ ಸ್ಟ್ರಿಪ್‌ಗಳನ್ನೆಲ್ಲ ಜೊತೆಗೇ ಒಯ್ಯಿರಿ. ಕೆಮ್ಮಿನ ಸಿರಪ್ ಇದ್ದರೆ ಅದನ್ನೂ. ಡೆಕ್ಸ್ಟ್ರೋಮೆಥಾರ್ಫಾನ್ ಇರುವ ಸಿರಪ್ ಕೂಡ ಇದೇ ತೊಂದರೆ ಮಾಡಬಲ್ಲದು.

ಟ್ರೈಹೆಕ್ಸಿಫೆನಿಡಿಲ್ ಯಾಕೆ ಬೇಡ ಅಂದೆ ಅಂದರೆ, ಅದು ಬೆವರನ್ನು ತಡೆಯುತ್ತದೆ. ಸೆರೊಟೋನಿನ್ ಜಾಸ್ತಿಯಾದಾಗ ಮೈ ಬಿಸಿ ಏರಬಹುದು, ಆ ಬಿಸಿಯನ್ನು ಹೊರಹಾಕುವ ದಾರಿಯೇ ಬೆವರು. ಪ್ಯಾರಾಸಿಟಮಾಲ್‌ನಿಂದಲೂ ಈ ಜ್ವರ ಇಳಿಯುವುದಿಲ್ಲ, ಯಾಕೆಂದರೆ ಬಿಸಿ ಬರುತ್ತಿರುವುದು ಬಿಡದೆ ಅದುರುವ ಸ್ನಾಯುಗಳಿಂದ.

ಟ್ರಮಡಾಲ್ ಇನ್ನೊಂದೂ ಕೊಡಬೇಡಿ. ವೈದ್ಯರು ನೋಡುವ ತನಕ ಇವತ್ತಿನ ಎಸ್ಸಿಟಲೋಪ್ರಾಮ್ ಕೂಡ ನಿಲ್ಲಿಸಿ. ಅಲ್ಲಿ ಡ್ರಿಪ್ ಹಾಕಿ, ಲೊರಾಜೆಪಾಮ್‌ನಂಥ ಔಷಧಿಯಿಂದ ಸ್ನಾಯು ಶಾಂತ ಮಾಡುತ್ತಾರೆ. ಬೇಕಾದರೆ ಸೈಪ್ರೊಹೆಪ್ಟಡೀನ್ ಕೊಡುತ್ತಾರೆ. ಮಕ್ಕಳಿಗೆ ಹಸಿವಾಗಲಿ ಅಂತ ಕೊಡುವ ಸಿರಪ್‌ನಲ್ಲಿ ಇರುತ್ತಲ್ಲ, ಅದೇ! ಅದು ಸೆರೊಟೋನಿನ್‌ಗೆ ಅಡ್ಡ ನಿಲ್ಲುತ್ತದೆ. ಹಾಗಂತ ಮನೆಯಲ್ಲೇ ಸುಮ್ನೆ ಕುಡಿಸಬೇಡಿ. ಸಮಯಕ್ಕೆ ಹೋದರೆ ಹೆಚ್ಚಿನವರು ಒಂದೆರಡು ದಿನದಲ್ಲಿ ಸರಿಹೋಗುತ್ತಾರೆ. ಎಸ್ಸಿಟಲೋಪ್ರಾಮ್ ಮತ್ತೆ ಯಾವಾಗ ಶುರುಮಾಡಬೇಕು ಅನ್ನೋದನ್ನು ಅವರ ಮನೋವೈದ್ಯರು ಹೇಳಲಿ.