ಎದೆಬಡಿತದ ಎರಡನೇ ಸದ್ದು ಒಡೆದು ಕೇಳಿದರೆ ಕಾಯಿಲೆಯೇ?

ಪ್ರಶ್ನೆ: ಹಾಸನದಲ್ಲಿ ಎಂಬಿಬಿಎಸ್ ಓದ್ತಿದ್ದೀನಿ. ಎರಡನೇ ಸದ್ದು ಎರಡಾಗಿ ಕೇಳಿದರೆ ಏನರ್ಥ? ಅದು ಮೂರನೇ, ನಾಲ್ಕನೇ ಸದ್ದಲ್ಲ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ: ಒಡೆಯುವುದು ಸಹಜ. ಉಸಿರಿನ ಜೊತೆ ಬದಲಾಗದಿದ್ದರೆ, ಇಲ್ಲವೇ ಉಸಿರು ಬಿಟ್ಟಾಗ ಜಾಸ್ತಿಯಾದರೆ ಅನುಮಾನಪಡಿ. ಉಸಿರು ಎಳೆದಾಗ ಬಲಭಾಗಕ್ಕೆ ರಕ್ತ ಜಾಸ್ತಿ ಬರುತ್ತದೆ, ಪಲ್ಮನರಿ ಕವಾಟ ತಡವಾಗಿ ಮುಚ್ಚುತ್ತದೆ. ಉಸಿರು ಬಿಟ್ಟಾಗ ಎರಡೂ ಸದ್ದು ಮತ್ತೆ ಒಂದಾಗುತ್ತವೆ.

ಮೂಡಿಗೆರೆ ಕಡೆ ಕಾಫಿ ಹಣ್ಣು ಕುಯ್ಯುವ ಯುವತಿಯೊಬ್ಬಳು ಬಂದಳು ಅಂದುಕೊಳ್ಳಿ. ತೋಟದ ಏರು ಹತ್ತಿದರೆ ಏದುಸಿರು. ಎದೆಮೂಳೆಯ ಎಡಕ್ಕೆ, ಎರಡನೇ ಪಕ್ಕೆಲುಬಿನ ಸಂದಿಯಲ್ಲಿ ಸ್ಟೆತಾಸ್ಕೋಪಿನ ಡಯಾಫ್ರಾಮ್ ಇಡಿ. ಅವಳನ್ನು ಕೂರಿಸಿಯೇ ಕೇಳಿ. ಮಲಗಿದಾಗ ಆರೋಗ್ಯವಂತ ಯುವಜನರಲ್ಲೂ ಒಡಕು ಪೂರ್ತಿ ಮಾಯವಾಗದಿರಬಹುದು. ಕೂತಾಗಲೂ, ಉಸಿರು ಬಿಟ್ಟರೂ ಎಳೆದರೂ ಅಂತರ ಅಷ್ಟೇ ಇದ್ದರೆ ಮೇಲಿನ ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿರಬಹುದು. ಎಕೋ ಮಾಡಿಸಲೇಬೇಕು. ಅಲ್ಲೇ ಮೆಲುವಾದ ಮರ್ಮರ್ ಕೇಳಿದರೆ ಅನುಮಾನ ಇನ್ನೂ ಗಟ್ಟಿ. ಒಡಕು ಉಸಿರು ಬಿಟ್ಟಾಗಲೇ ಜಾಸ್ತಿಯಾದರೆ ಎಡ ಬಂಡಲ್ ಬ್ಲಾಕ್ ಇದೆಯೇ ಅಂತ ಇಸಿಜಿ ನೋಡಿ.

ಮೂರನೇ ಸದ್ದು ಮಂದ್ರ. ಎಡಮಗ್ಗುಲಿಗೆ ಮಲಗಿಸಿ, ಹೃದಯದ ತುದಿಯಲ್ಲಿ ಬೆಲ್ ಅನ್ನು ಹಗುರವಾಗಿ ಇಟ್ಟರೆ ಎರಡನೆಯದಾದ ಸ್ವಲ್ಪ ಹೊತ್ತಿಗೆ ಕೇಳುತ್ತದೆ, ಒತ್ತಿದರೆ ಮಾಯ. ಮಕ್ಕಳಲ್ಲಿ, ಗರ್ಭಿಣಿಯರಲ್ಲಿ ಇದು ಸಹಜ. 40 ದಾಟಿದವರಲ್ಲಿ ಕೇಳಿದರೆ ಹಾರ್ಟ್ ಫೇಲ್ಯೂರ್ ಹುಡುಕಿ. ನಾಲ್ಕನೆಯದು ಮೊದಲ ಸದ್ದಿಗೆ ಸ್ವಲ್ಪ ಮುಂಚೆ ಬರುತ್ತದೆ. ಹಳೇ ಬಿಪಿಯಿಂದ ಬಿಗಿದ ಹೃದಯದಲ್ಲಿ ಸಾಮಾನ್ಯ. ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಇದು ಬರುವುದೇ ಇಲ್ಲ, ಮೇಲಿನ ಕೋಣೆ ಸರಿಯಾಗಿ ಹಿಂಡುವುದಿಲ್ಲವಲ್ಲ.