ಮರುದಿನದ ದಿಕ್ಕನ್ನು ಊಹಿಸುವಾಗ ಲೇಬಲ್ ಎಲ್ಲಿ ಸೋರುತ್ತದೆ?

ಪ್ರಶ್ನೆ: ದಿನದ ಬೆಲೆಗಳಿಂದ ಹದಿನೈದು ಫೀಚರ್ ಮಾಡಿ, ಮರುದಿನ ಷೇರು ಏರುತ್ತದೋ ಇಳಿಯುತ್ತದೋ ಎಂದು ರ್‍ಯಾಂಡಮ್ ಫಾರೆಸ್ಟ್‌ನಿಂದ ವರ್ಗೀಕರಿಸಿದೆ. ಪರೀಕ್ಷೆಯ 500 ದಿನಗಳಲ್ಲಿ 76% ಸರಿ ಬರುತ್ತಿದೆ. ಇದು ನಿಜವೇ, ಲೇಬಲ್ ಸೋರಿದೆಯೇ?

ಸೋರಿದೆ ಎಂದೇ ಭಾವಿಸಿ ಹುಡುಕಲು ಆರಂಭಿಸಿ. ದಿನದ ಬೆಲೆಗಳನ್ನಷ್ಟೇ ನೋಡಿ ಮರುದಿನದ ದಿಕ್ಕನ್ನು ಹೇಳುವ ಕೆಲಸದಲ್ಲಿ ನೂರಕ್ಕೆ 53 ಸರಿ ಬಂದರೂ ನಾನು ಮತ್ತೊಮ್ಮೆ ಪರಿಶೀಲಿಸುತ್ತೇನೆ. 76 ಬಂದಿದೆ ಎಂದರೆ ಉತ್ತರವೇ ಯಾವುದೋ ಕಾಲಂನೊಳಗೆ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು, ಮತ್ತು ನಾನು ಕಂಡಂತೆ ಅದಕ್ಕೆ ಅತಿ ಸಾಮಾನ್ಯವಾದ ಕಾರಣ ಲೇಬಲ್ ಒಂದು ಸಾಲಿನಷ್ಟು ಹಿಂದೆ ಉಳಿದಿರುವುದು.

ಸೋಮವಾರದ ಮುಕ್ತಾಯದ ಬೆಲೆ 100, ಮಂಗಳವಾರದ್ದು 103, ಬುಧವಾರದ್ದು 101 ಎಂದಿರಲಿ. ಮಂಗಳವಾರದ ಕನಿಷ್ಠ 99, ಗರಿಷ್ಠ 104 ಆಗಿದ್ದರೆ, ದಿನದ ವ್ಯಾಪ್ತಿಯಲ್ಲಿ ಮುಕ್ತಾಯದ ಸ್ಥಾನ (103−99)/(104−99), ಅಂದರೆ 0.8. ಇದು ಒಳ್ಳೆಯ ಫೀಚರೇ. ಆದರೆ ಮಂಗಳವಾರದ ಸಾಲಿಗೆ 103 > 100 ಎಂಬ ಹೋಲಿಕೆಯಿಂದ ಲೇಬಲ್ ಕೊಟ್ಟರೆ, ತನ್ನ ವ್ಯಾಪ್ತಿಯ ಮೇಲ್ತುದಿಯಲ್ಲಿ ಮುಗಿದ ದಿನ ಸಾಮಾನ್ಯವಾಗಿ ಏರಿಕೆಯ ದಿನವೇ ಆಗಿರುವುದರಿಂದ, ಮಾಡೆಲ್ ನಾಳೆಯನ್ನಲ್ಲ, ಇಂದನ್ನೇ ಓದಿ ಹೇಳುತ್ತಿರುತ್ತದೆ. ಆ ಸಾಲಿನ ಸರಿಯಾದ ಲೇಬಲ್ ಇಳಿಕೆ, ಏಕೆಂದರೆ 101 < 103.

```python
r = df['close'].pct_change()
df['y'] = (r.shift(-1) > 0).astype(int)
df = df.iloc[:-1]
```

ಮೂರನೆಯ ಸಾಲನ್ನು ಬಿಡಬೇಡಿ. ಕೊನೆಯ ದಿನಕ್ಕೆ ಮರುದಿನವೇ ಇಲ್ಲದಿದ್ದರೂ, `NaN > 0` ಎಂಬುದು `False` ಆಗುವುದರಿಂದ ಯಾವ ಎಚ್ಚರಿಕೆಯೂ ಇಲ್ಲದೆ ಅಲ್ಲಿ ಇಳಿಕೆಯ ಲೇಬಲ್ ಬೀಳುತ್ತದೆ.

ಫೀಚರ್‌ಗಳ ಕಡೆಯ ಸೋರಿಕೆಯನ್ನು ಕತ್ತರಿಸಿ ನೋಡುವುದರಿಂದ ಹಿಡಿಯಬಹುದು. ಯಾವುದಾದರೂ ಒಂದು ದಿನದ ನಂತರದ ದತ್ತಾಂಶವನ್ನೆಲ್ಲ ಅಳಿಸಿ, ಆ ದಿನದ ಫೀಚರ್‌ಗಳನ್ನು ಹೊಸದಾಗಿ ಲೆಕ್ಕ ಹಾಕಿ, ಪೂರ್ಣ ದತ್ತಾಂಶದಿಂದ ಬಂದ ಮೌಲ್ಯಗಳೊಂದಿಗೆ ಹೋಲಿಸಿ. ಒಂದೇ ಒಂದು ಸಂಖ್ಯೆ ಬದಲಾದರೂ ಆ ಫೀಚರ್ ಮುಂದಿನ ದಿನಗಳನ್ನು ನೋಡಿದೆ ಎಂದು ಅರ್ಥ. `center=True` ಇಟ್ಟ ಚಲಿಸುವ ಸರಾಸರಿ, ಖಾಲಿ ಜಾಗಗಳನ್ನು ಮುಂದಿನ ಬೆಲೆಯಿಂದ ತುಂಬುವ `bfill`, ಇಡೀ ಅವಧಿಯ ಸರಾಸರಿಯಿಂದ ಮಾಡಿದ ಸ್ಕೇಲಿಂಗ್, ಇವೆಲ್ಲ ಹೀಗೆ ಬೇರೆ ಬೇರೆ ದಿನಗಳಲ್ಲಿ ಕತ್ತರಿಸಿ ನೋಡಿದಾಗ ಸಿಕ್ಕಿಬೀಳುತ್ತವೆ. ಆದರೆ ಮೇಲೆ ಹೇಳಿದ ಲೇಬಲ್ ತಪ್ಪು ಇದರಲ್ಲಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಫೀಚರ್ ನಿರ್ದೋಷಿ.

ಅದಕ್ಕಾಗಿ ನಾನು ಹೆಚ್ಚು ನಂಬುವ ಪರೀಕ್ಷೆ ಇನ್ನೊಂದಿದೆ. ಪ್ರತಿ ದಿನದ ಆರಂಭ, ಗರಿಷ್ಠ, ಕನಿಷ್ಠ ಮತ್ತು ಮುಕ್ತಾಯವನ್ನು ಹಿಂದಿನ ದಿನದ ಮುಕ್ತಾಯದ ಅನುಪಾತವಾಗಿ ಬರೆದುಕೊಂಡು, ದಿನಗಳ ಕ್ರಮವನ್ನು ಇಸ್ಪೀಟಿನ ಎಲೆಗಳಂತೆ ಕಲೆಸಿ, ಆ ಅನುಪಾತಗಳಿಂದ ಹೊಸ ಬೆಲೆಗಳ ಸರಣಿಯನ್ನು ಕಟ್ಟಿ. ಪ್ರತಿ ದಿನದ ಒಳ ಆಕಾರ ಹಾಗೆಯೇ ಉಳಿಯುತ್ತದೆ, ಆದರೆ ನಿನ್ನೆಗೂ ನಾಳೆಗೂ ಇದ್ದ ನಂಟು ಕಡಿದುಹೋಗಿರುತ್ತದೆ. ಫೀಚರ್ ಲೆಕ್ಕದಿಂದ ಅಂತಿಮ ಅಂಕದವರೆಗಿನ ನಿಮ್ಮ ಕೋಡನ್ನು ಒಂದಕ್ಷರವೂ ಬದಲಿಸದೆ ಇದರ ಮೇಲೆ ಓಡಿಸಿ. 500 ದಿನಗಳ ಪರೀಕ್ಷೆಯಲ್ಲಿ ಆಕಸ್ಮಿಕ ಏರಿಳಿತದ ಪ್ರಮಾಣ ಸುಮಾರು 2.2 ಶೇಕಡಾಂಶ, ಆದ್ದರಿಂದ ಏರಿಕೆಯ ದಿನಗಳು 53% ಇದ್ದರೆ, ಅದರ ಮೇಲೆ ಈ ಏರಿಳಿತದ ಎರಡು ಪಟ್ಟು ಸೇರಿಸಿದರೂ ಫಲಿತಾಂಶ ಹೆಚ್ಚೆಂದರೆ 57ರ ಆಸುಪಾಸಿಗೆ ಬಂದೀತು. ಹತ್ತಿಪ್ಪತ್ತು ಸಲ ಕಲೆಸಿದರೂ 70ರ ಮೇಲೆಯೇ ನಿಲ್ಲುತ್ತಿದ್ದರೆ, ಆ ಜಾಣತನ ಮಾರುಕಟ್ಟೆಯದ್ದಲ್ಲ, ನಿಮ್ಮ ಕೋಡಿನದ್ದು.

ಫೀಚರ್‌ಗಳನ್ನು ವಿನ್ಯಾಸಗೊಳಿಸುವಾಗ ಪ್ರತಿ ಕಾಲಂಗೆ ದಿನಾಂಕದ ಜೊತೆ, ಆ ಸಂಖ್ಯೆ ಜನರ ಕೈಗೆ ಸಿಕ್ಕ ಗಂಟೆಯನ್ನೂ ಬರೆದಿಡಿ. ತ್ರೈಮಾಸಿಕ ಫಲಿತಾಂಶ ಸೇರಬೇಕಾದದ್ದು ಅದು ಪ್ರಕಟವಾದ ದಿನಕ್ಕೆ, ತ್ರೈಮಾಸಿಕ ಮುಗಿದ ದಿನಕ್ಕಲ್ಲ. ಕಲೆಸುವ ಪರೀಕ್ಷೆ ಇಂಥ ತಪ್ಪನ್ನು ತೋರಿಸುವುದಿಲ್ಲ, ಆದ್ದರಿಂದ ಕೈಯಾರೆ ನೋಡಲೇಬೇಕು.

ಗಂಟೆಯನ್ನು ಬರೆದಾಗ ಇನ್ನೂ ಸೂಕ್ಷ್ಮವಾದದ್ದೊಂದು ಕಣ್ಣಿಗೆ ಬೀಳುತ್ತದೆ. ಟೋಕಿಯೊದ ಷೇರಿನ ಬುಧವಾರದ ದಿಕ್ಕಿಗೆ ನ್ಯೂಯಾರ್ಕಿನ ಮಂಗಳವಾರದ ಏರಿಳಿತವನ್ನು ಫೀಚರ್ ಆಗಿ ಬಳಸಿದಿರಿ ಎನ್ನಿ. ಬುಧವಾರ ಬೆಳಿಗ್ಗೆ ಟೋಕಿಯೊ ತೆರೆಯುವ ಮೊದಲೇ ಆ ಸಂಖ್ಯೆ ತಿಳಿದಿರುತ್ತದೆ, ಹಾಗಾಗಿ ಸೋರಿಕೆಯೇ ಇಲ್ಲವೆನಿಸುತ್ತದೆ. ಆದರೆ ನಿಮ್ಮ ಲೇಬಲ್ ಆರಂಭವಾಗುವುದು ಟೋಕಿಯೊದ ಮಂಗಳವಾರದ ಮುಕ್ತಾಯದಿಂದ, ಅಂದರೆ ನ್ಯೂಯಾರ್ಕ್ ಇನ್ನೂ ತೆರೆಯದಿದ್ದಾಗಿನ ಬೆಲೆಯಿಂದ. ರಾತ್ರಿಯ ಸುದ್ದಿಯನ್ನು ಬುಧವಾರದ ಮೊದಲ ಬೆಲೆಯೇ ಬಹುಪಾಲು ನುಂಗಿಬಿಡುತ್ತದೆ. ಮಾಡೆಲ್ ಸರಿಯಾಗಿ ಹೇಳುವುದು ಆ ಜಿಗಿತವನ್ನು, ಮತ್ತು ಆ ಜಿಗಿತದ ಕೆಳಗಿನ ಬೆಲೆಗೆ ಕೊಳ್ಳಲು ಯಾರಿಗೂ ಅವಕಾಶವಿರುವುದಿಲ್ಲ. ಇಂಥ ಫೀಚರ್ ಇದ್ದಾಗ ಲೇಬಲನ್ನು ಬುಧವಾರದ ಆರಂಭದಿಂದ ಬುಧವಾರದ ಮುಕ್ತಾಯಕ್ಕೆ ಕಟ್ಟಿ:

```python
df['y'] = (df['close'] > df['open']).shift(-1)
df = df.iloc[:-1]
df['y'] = df['y'].astype(int)
```

ನಿಮ್ಮ ಹದಿನೈದು ಫೀಚರ್‌ಗಳನ್ನು ಹಾಗೆಯೇ ಇಟ್ಟು, ಈ ಎರಡು ಲೇಬಲ್‌ಗಳಿಗೂ ಬೇರೆ ಬೇರೆಯಾಗಿ ಅಂಕ ತೆಗೆದು ನೋಡಿ. ಮೊದಲನೆಯದರಲ್ಲಿ ಹೆಚ್ಚಿದ್ದು ಎರಡನೆಯದರಲ್ಲಿ ಏರಿಕೆಯ ದಿನಗಳ ಪ್ರಮಾಣಕ್ಕೆ ಇಳಿದರೆ, ಆ ವ್ಯತ್ಯಾಸವೆಲ್ಲ ಮಾರುಕಟ್ಟೆ ಮುಚ್ಚಿದ್ದ ಹೊತ್ತಿನದು.